ಮೊಹರಿಲ್ಲದ ಮುತ್ತಿನಕ್ಷರ

ಡ್ರಾಯಿಂಗ್ ಮೇಷ್ಟ್ರ ಬರಹ ಮುತ್ತು ಪೋಣಿಸಿದಂತಿರುತ್ತಿತ್ತು. ಹೆಂಡತಿಗೆ ಪರದೇಶದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುನ್ನ, ಒಂದು ವರ್ಷ ಹತ್ತು ತಿಂಗಳ ಮಗಳ ಲಸಿಕೆ ಪುಸ್ತಕ ನೋಡಿ ಮೇಷ್ಟ್ರಿಗೆ ನಾಚಿಕೆಯಾಯಿತು: ಹಾಲಿನ ಕಲೆ, ಸೊಟ್ಟಗೆ ಅಂಟಿಸಿದ ಚೀಟಿಗಳು, ಡಾಕ್ಟರ ಕಾಗೆಕಾಲಿನ ಬರಹ. ಎರಡು ಸಂಜೆ ಕೂತು, ಗೆರೆ ಎಳೆದು, ಲಸಿಕೆಗಳ ಹೆಸರು, ತಾರೀಖುಗಳನ್ನು ಹೊಸ ಹಾಳೆಗಿಳಿಸಿದರು. ಮೂಲಪುಸ್ತಕವನ್ನು ಊರಿನಲ್ಲೇ, ಅಕ್ಕನ ಮನೆಯಲ್ಲಿ ಬಿಟ್ಟರು.

ಹೊಸ ಊರಿನಲ್ಲಿ ಮಗಳು ಹಳೆಯ ಊರಿನ ಗಡಿಯಾರದಂತೆಯೇ ನಡೆದಳು. ನಸುಕಿಗೇ ಆಟ, ತಿಂಡಿಯ ಬೆನ್ನಿಗೇ ನಿದ್ದೆ. ಮೇಷ್ಟ್ರು ದಿನಕ್ಕೆ ಕಾಲು ಗಂಟೆಯಂತೆ ಆ ನಿದ್ದೆಯನ್ನು ಮುಂದೂಡುತ್ತಿದ್ದರು. ಸೋಮವಾರದಿಂದ ಅವರಿಗೂ ಚಿತ್ರಶಾಲೆಯೊಂದರಲ್ಲಿ ಕೆಲಸವಿತ್ತು. ಶಿಶುಪಾಲನಾ ಕೇಂದ್ರದಲ್ಲಿ ಒಂದು ಜಾಗ ಖಾಲಿಯಿತ್ತು. ಆದರೆ ಶುಕ್ರವಾರದೊಳಗೆ ವೈದ್ಯರು ಸಹಿ ಮಾಡಿದ ಲಸಿಕೆ ದಾಖಲೆ ತಲುಪದಿದ್ದರೆ ಅದು ಇನ್ನೊಂದು ಮಗುವಿಗೆ. ಮಕ್ಕಳ ಮೂರು ಕ್ಲಿನಿಕ್‌ಗಳು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲವೆಂದವು. ನಾಲ್ಕನೆಯದು ಗುರುವಾರ ಹತ್ತು ಗಂಟೆಗೆ ಬರಹೇಳಿತು.

ನರ್ಸಮ್ಮ ಹಾಳೆಯನ್ನು ಬೆಳಕಿಗೆ ಹಿಡಿದರು.

"ಎಷ್ಟು ಚೆನ್ನಾಗಿ ಬರ್ದಿದ್ದೀರಿ ಸರ್! ಆದ್ರೆ ಮೊಹರು? ಲಸಿಕೆಯ ಬ್ಯಾಚ್ ನಂಬರ್ ಇರೋ ಚೀಟಿ?"

"ಅವು ಅಷ್ಟು ಚಂದ ಕಾಣ್ಲಿಲ್ಲ. ಬಿಟ್ಟುಬಿಟ್ಟೆ."

"ಅಯ್ಯೋ ದೇವರೇ, ನಮಗೆ ಬೇಕಿದ್ದಿದ್ದೇ ಅವು! ಅಪ್ಪನೇ ಬರೆದದ್ದು ದಾಖಲೆ ಆಗಲ್ಲ ಸರ್. ದಾಖಲೆ ಇಲ್ದಿದ್ರೆ ಹಾಕಿಲ್ಲ ಅಂತಲೇ ಲೆಕ್ಕ. ಮೊದಲಿಂದ ಹಾಕ್ಬೇಕು. ಮತ್ತೆ ಹಾಕಿದ್ರೆ ಅಪಾಯವೇನಿಲ್ಲ. ಆದ್ರೆ ಎಲ್ಲಾ ಮುಗಿಯೋಕೆ ತಿಂಗಳುಗಳೇ ಬೇಕು."

ಮೇಷ್ಟ್ರು ಮಗಳ ಪುಟ್ಟ ತೊಡೆ ನೋಡಿದರು. ಹೊರಗೆ ಬಂದು ಅಕ್ಕನಿಗೆ ಫೋನು ಹಚ್ಚಿದರು.

"ಅಕ್ಕಾ, ಪಾಪುವಿನ ಆ ಹಳೇ ಪುಸ್ತಕ ಎಸೆದಿಲ್ಲ ತಾನೇ?"

"ಎಸೀತೀನಾ? ನಿನ್ನ ಕಸ ಕಾಯೋದೇ ನನ್ನ ಹಣೆಬರಹ ಕಣೋ. ಯಾಕೆ, ನಿನ್ನ ರತ್ನದಂಥ ನಕಲು ಏನಾಯ್ತು?"

"ಆಮೇಲೆ ಬೈಯುವಿಯಂತೆ. ಒಂದೊಂದು ಪುಟಾನೂ ಫೋಟೋ ತೆಗೆದು ಕಳಿಸು. ಮೊಹರು, ಚೀಟಿ ಎಲ್ಲಾ ಕಾಣ್ಬೇಕು."

ಹತ್ತು ನಿಮಿಷಕ್ಕೆ ಪುಟಗಳು ಬಂದವು; ಎರಡರಲ್ಲಿ ಅಕ್ಕನ ಹೆಬ್ಬೆರಳೂ ಇತ್ತು. ಮಕ್ಕಳ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ, ಕಲೆಗಳ ನಡುವೆ ಒಂದೊಂದೇ ತಾರೀಖನ್ನು ಓದಿದರು. ನರ್ಸಮ್ಮ ಕಂಪ್ಯೂಟರಿಗೆ ಏರಿಸಿದರು. ಒಂದು ಕಡೆ ಡಾಕ್ಟರ ಬೆರಳು ನಿಂತಿತು.

"ದಡಾರದ್ದು ಒಂಬತ್ತನೇ ತಿಂಗಳಲ್ಲಿ ಹಾಕಿಸಿದ್ದೀರಿ. ಅಲ್ಲಿಗೆ ಅದು ಸರಿಯೇ. ಇಲ್ಲಿ ಮೊದಲ ಹುಟ್ಟುಹಬ್ಬ ಆದ್ಮೇಲೆ ಹಾಕಿದ್ದು ಮಾತ್ರ ಲೆಕ್ಕಕ್ಕೆ ಬರುತ್ತೆ. ಅದೊಂದು ಇವತ್ತು ಹಾಕೋಣ. ಉಳಿದದ್ದೆಲ್ಲಾ ಸರಿಯಾಗಿದೆ."

"ಒಂದೇನಾ?"

"ಒಂದೇ."

ಮಗಳು ಕ್ಲಿನಿಕ್ ಹಾರಿಹೋಗುವಂತೆ ಅತ್ತು, ನರ್ಸಮ್ಮನ ಪೆನ್ನು ಕಸಿದುಕೊಂಡ ಮೇಲೆ ಸುಮ್ಮನಾದಳು. ವಾರ, ಹತ್ತು ದಿನದಲ್ಲಿ ಸಣ್ಣ ಜ್ವರ ಬರಬಹುದೆಂದು ಹೇಳಿ ಡಾಕ್ಟರು ಲಸಿಕೆ ದಾಖಲೆಯ ನಮೂನೆಗೆ ಸಹಿ ಹಾಕಿ, ಮೊಹರೊತ್ತಿದರು.

ಶುಕ್ರವಾರ ಮಧ್ಯಾಹ್ನ ಕೇಂದ್ರದ ಮೇಲ್ವಿಚಾರಕಿ ಆ ಹಾಳೆಯನ್ನು ಕಡತಕ್ಕೆ ಸೇರಿಸಿ, "ಸೋಮವಾರ ಎಂಟಕ್ಕೆ ಕರ್ಕೊಂಡು ಬನ್ನಿ. ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರ್ಲಿ," ಎಂದರು. ಮೇಷ್ಟ್ರು ತಲೆಯಾಡಿಸಿದರು. ಆಗಲೇ ಮಗಳು ಅವರ ಕೈ ಬಿಡಿಸಿಕೊಂಡು ಆಟಿಕೆಗಳ ಬುಟ್ಟಿಯತ್ತ ನಡೆದಿದ್ದಳು.