ಒಂದೇ ಒಂದು ಮನೆ ಮುಂದೆ

ಅಪ್ಪ ಕೃಷ್ಣರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿ. ಮುಹೂರ್ತವಿದ್ದರೆ ವ್ಯಾಪಾರ, ಇಲ್ಲದಿದ್ದರೆ ಬಾಡಿದ ಸೇವಂತಿಗೆ. ಹಾಗಾಗಿ ಅವನಿಗೆ ಪಂಚಾಂಗದ ಮೇಲಿದ್ದಷ್ಟು ನಂಬಿಕೆ ಮಗಳಾದ ನನ್ನ ಮೇಲೆ ಇರಲಿಲ್ಲ. ಓಕಳಿಪುರದ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಅವನು ಕೂಗಾಡಲೂ ಇಲ್ಲ.

"ನಿನ್ ಜಾತಕದಲ್ಲಿ ಪ್ರೇಮ ವಿವಾಹ ಇದ್ರೆ ನಾನೇ ನಿಂತು ಧಾರೆ ಎರೀತೀನಿ. ಇಲ್ದಿದ್ರೆ ಆ ಹುಡುಗನ ಮಾತು ಈ ಮನೇಲಿ ಎತ್ಬೇಡ" ಎಂದ.

ಹುಡುಗನ ಮನೆಯವರು ಬೌದ್ಧರು, ಜಾತಕ ಬರೆಸಿದವರೇ ಅಲ್ಲ. ಭಾರವೆಲ್ಲ ನನ್ನದೊಂದರ ಮೇಲೆ ಬಿತ್ತು. ಅವನನ್ನು ಬಿಟ್ಟು ಬದುಕಲಾರೆ, ಅಪ್ಪ ಇಲ್ಲದೆ ಮದುವೆ ಮಂಟಪ ಹತ್ತಲಾರೆ. 

ಅಪ್ಪ, ಅಮ್ಮ, ನಾನು ಚಾಮರಾಜಪೇಟೆಯ ಜೋಯಿಸರ ಮುಂದೆ ಕೂತೆವು. ಅವರು ಪೆನ್ಸಿಲ್ಲಿನಲ್ಲಿ ಹನ್ನೆರಡು ಮನೆಯ ಕುಂಡಲಿ ಬರೆದು, ಕಟಕ ರಾಶಿಯ ಮನೆಯಲ್ಲಿ 'ಲ' ಎಂದು ಗುರುತು ಹಾಕಿದರು. ಅದು ನನ್ನ ಲಗ್ನ, ಎಣಿಕೆ ಶುರುವಾಗುವ ಜಾಗ.

"ಲಗ್ನದಿಂದ ಐದನೇ ಮನೆ ಪ್ರೀತಿದು, ಏಳನೇದು ಮದುವೇದು. ಒಂಬತ್ತನೇದು ತಂದೆ, ಹಿರಿಯರು, ಮನೆತನದ ಧರ್ಮ. ಏಳರ ಅಧಿಪತಿ ಐದರ ಅಧಿಪತಿ ಜೊತೆ ಸೇರಿದ್ರೆ ಪ್ರೇಮ ವಿವಾಹ. ಒಂಬತ್ತರವನ ಜೊತೆ ಸೇರಿದ್ರೆ ದೊಡ್ಡೋರು ನೋಡಿ ಮಾಡೋದು" ಎಂದರು ಜೋಯಿಸರು. ಬೆರಳಿಟ್ಟು ಎಣಿಸಿದರು. "ಐದು ವೃಶ್ಚಿಕ, ಅಧಿಪತಿ ಕುಜ. ಲಗ್ನದಲ್ಲೇ ಕೂತು ಏಳನೇ ಮನೇನ ನೋಡ್ತಿದಾನೆ. ಪ್ರೀತಿ ಇದೆ. ಆದ್ರೆ ಕಟಕದಲ್ಲಿ ಕುಜ ನೀಚ, ಬಲ ಇಲ್ಲ. ಏಳು ಮಕರ, ಅಧಿಪತಿ ಶನಿ. ಒಂಬತ್ತು ಮೀನ, ಅಧಿಪತಿ ಗುರು. ಶನಿ, ಗುರು ಇಬ್ರೂ ವೃಷಭದಲ್ಲಿ ಒಟ್ಟಿಗೇ ಇದಾರೆ. ತೂಕ ಒಂಬತ್ತರ ಕಡೆಗೇ."

 ಅಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಏಳಲು ಸಿದ್ಧನಾದ.

"ಇರಿ, ಈ ಗುರು ಇದಾನಲ್ಲ..." ಎನ್ನುತ್ತ ಜೋಯಿಸರು ವೃಷಭದಿಂದ ಮತ್ತೆ ಎಣಿಸತೊಡಗಿದರು. ಲಗ್ನ ಕಟಕದ ಕೊನೆಯ ಅಂಚಿನಲ್ಲಿದೆ, ಹುಟ್ಟಿದ್ದು ಕೆಲವೇ ನಿಮಿಷ ತಡವಾಗಿದ್ದರೂ ಸಿಂಹವಾಗುತ್ತಿತ್ತು ಎಂದು ಅವರು ಮೊದಲೇ ಗೊಣಗಿದ್ದು ಅಮ್ಮನ ಕಿವಿಗೆ ಬಿದ್ದಿತ್ತು.

"ಜೋಯಿಸರೇ, ಆ ಟೈಮೇ ಸರಿ ಇಲ್ಲ. ಹೆರಿಗೆ ವಾರ್ಡಿನ ಗಡಿಯಾರ ಹಿಂದೆ ಓಡ್ತಿತ್ತು" ಎಂದಳು ಅಮ್ಮ. ನನ್ನ ಮುಖ ಮಾತ್ರ ನೋಡಲಿಲ್ಲ. ಅವಳು ಸುಳ್ಳು ಹೇಳುವಾಗ ಸೆರಗಿನ ತುದಿ ಸುತ್ತುತ್ತಾಳೆ. ಆಗಲೂ ಸುತ್ತುತ್ತಿದ್ದಳು.

ಜೋಯಿಸರು 'ಲ' ಅಳಿಸಿ ಪಕ್ಕದ ಸಿಂಹದಲ್ಲಿ ಬರೆದರು. ಗ್ರಹಗಳು ಕೂತಲ್ಲೇ ಕೂತಿದ್ದವು, ಎಣಿಕೆ ಮಾತ್ರ ಒಂದು ಮನೆ ಮುಂದೆ ಹೋಯಿತು. ಈಗ ಐದು ಧನುಸ್ಸು, ಅಧಿಪತಿ ಗುರು. ಏಳು ಕುಂಭ, ಅಧಿಪತಿ ಅದೇ ಶನಿ. ವೃಷಭದಲ್ಲಿ ಜೊತೆಗಿದ್ದ ಅದೇ ಇಬ್ಬರು ಈಗ ಪ್ರೀತಿ ಮತ್ತು ಮದುವೆಯಾಗಿಬಿಟ್ಟರು.

"ಪ್ರೇಮ ವಿವಾಹವೇ, ಅನುಮಾನ ಇಲ್ಲ. ಆದ್ರೆ ಒಂಬತ್ತು ಮೇಷ, ಅಧಿಪತಿ ಕುಜ. ಹನ್ನೆರಡನೇ ವ್ಯಯದ ಮನೇಲಿ ನೀಚನಾಗಿ ಬಿದ್ದಿದಾನೆ. ತಂದೆ ಆಶೀರ್ವಾದ ಕೂಡಿ ಬರಲ್ಲ" ಎಂದರು ಜೋಯಿಸರು.

ಅಪ್ಪ ಆ ಹಾಳೆಯ ಮೇಲೆ ಬೆರಳಿಟ್ಟ. "ಮದ್ವೆ ಬರ್ದಿದೆ, ಆಗ್ಲಿ. ನಾನಿರಲ್ಲ ಅಂತಲೂ ಬರ್ದಿದೆ. ಎರಡ್ನೂ ನಡೆಸ್ತೀನಿ" ಎಂದು ಎದ್ದು ಹೋದ.

ಮದುವೆಯ ದಿನ ಹತ್ತಿರವಾದಂತೆ ಅಪ್ಪ ನನ್ನೊಡನೆ ಮಾತು ಕಡಿಮೆ ಮಾಡಿದ. ತಡೆಯಲಾರದೆ ನಾನೊಬ್ಬಳೇ ಜೋಯಿಸರ ಹತ್ತಿರ ಹೋಗಿ, ಆವತ್ತು ಗುರುವಿನ ವಿಷಯ ಏನು ಹೇಳಹೊರಟಿದ್ದಿರಿ ಎಂದು ಕೇಳಿದೆ.

"ಅದಾ? ಹಳೇ ಲಗ್ನವೇ ಆಗಿದ್ರೆ ಭಾಳ ಚೆನ್ನಾಗಿತ್ತಮ್ಮ. ವೃಷಭದ ಗುರು ಏಳನೇ ದೃಷ್ಟೀಲಿ ವೃಶ್ಚಿಕ ನೋಡ್ತಾನೆ, ಒಂಬತ್ತನೇ ದೃಷ್ಟೀಲಿ ಮಕರ ನೋಡ್ತಾನೆ. ಅಂದ್ರೆ ತಂದೆ ಮನೆ ಅಧಿಪತೀನೇ ಪ್ರೀತಿ ಮನೆ, ಮದುವೆ ಮನೆ ಎರಡನ್ನೂ ಕಾಯ್ತಾನೆ. ಹುಡುಗಿ ಇಷ್ಟಪಟ್ಟವನಿಗೆ ತಂದೆಯೇ ಮುಂದೆ ನಿಂತು ಕೊಡೋ ಜಾತಕ."

ಇನ್ನೊಂದು ನಿಮಿಷ ಅಮ್ಮ ಬಾಯಿ ಮುಚ್ಚಿಕೊಂಡಿದ್ದರೆ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಲ್ಲಿಂದ ಮಾರುಕಟ್ಟೆಗೆ ಓಡಿದೆ. ಅಪ್ಪ ಗೋಣಿಚೀಲದ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದ. ಅಳುತ್ತಲೇ ಎಲ್ಲ ಹೇಳಿದೆ. ಗಡಿಯಾರ ಸರಿಯಾಗೇ ಇತ್ತು, ಅಮ್ಮ ನನಗೋಸ್ಕರ ಸುಳ್ಳು ಹೇಳಿದಳು, ನನ್ನದು ಕಟಕವೇ, ನೀನು ಬರಲೇಬೇಕು ಎಂದೆ.

ಅಪ್ಪ ನೂಲನ್ನು ಹಲ್ಲಿನಿಂದ ಕಡಿದ.

"ಆವತ್ತು ಮದ್ವೆ ಬೇಕಿತ್ತು, ಸಿಂಹ ಆಯ್ತು. ಇವತ್ತು ಅಪ್ಪ ಬೇಕು, ಕಟಕ ಆಯ್ತಾ? ನಾಳೆ ಇನ್ನೇನ್ ಬೇಕಾಗುತ್ತೆ?"

 ನನ್ನಲ್ಲಿದ್ದ ಒಂದೇ ನಿಜವನ್ನು ಆಗಲೇ ಹೇಳಿಬಿಟ್ಟಿದ್ದೆ.

"ಹಾರ ಕಳಿಸ್ತೀನಿ, ಹೋಗಮ್ಮ" ಎಂದು ಅಪ್ಪ ಮತ್ತೆ ಹೂವು ಕಟ್ಟತೊಡಗಿದ. ಮದುವೆಯ ದಿನ ಎರಡು ಹಾರ ಮಾತ್ರ ಬಂದವು. ಅವು ಅವನೇ ಕಟ್ಟಿದ್ದು ಎಂದು ಗಂಟು ನೋಡಿದ ಕೂಡಲೇ ನನಗೆ ಗೊತ್ತಾಯಿತು.