ಹಾಳೆಯ ಹಿಂಬದಿಯ ಒಂದು ಪದ

ನಮ್ಮ ಕಾರ್ಮಿಕ ಸಂಘದ ಕರಪತ್ರಗಳನ್ನೆಲ್ಲ ಜೋಡಿಸಿಕೊಡುತ್ತಿದ್ದವಳು ಚುಕ್ಕಿಯಕ್ಕ. ಬೀದಿ ತುದಿಯ ಡಿಟಿಪಿ ಅಂಗಡಿಯವಳು. ನಾವು ಉದ್ದುದ್ದ ಕೊರೆದದ್ದನ್ನು ಕತ್ತರಿಸಿ, ನಾಲ್ಕು ಪದಕ್ಕೊಂದು ಚುಕ್ಕಿ ಇಡುತ್ತಿದ್ದಳು. ಹೆಸರು ಬಂದದ್ದು ಹಾಗೆ.

ಕಾರ್ಖಾನೆಯಲ್ಲಿ ಇನ್ನೂರು ಜನ ದುಡಿಯುತ್ತಿದ್ದೆವು. ಇದ್ದದ್ದು ಒಂದೇ ಕಕ್ಕಸು, ಮ್ಯಾನೇಜರನದು. ಅದಕ್ಕೂ ಬೀಗ. ಸಂಘದ ಕಾರ್ಯದರ್ಶಿ ಚುಕ್ಕಿಯಕ್ಕನ ತಮ್ಮ. ಅವನು ಬರೆದು ತಂದ ಕೊನೆಯ ಸಾಲು: ‘ನಿಮ್ಮ ಕಕ್ಕಸಿನ ಬೀಗ ತೆಗೆದಿಡಿ.’

“ಮೊದಲೇ ಕಕ್ಕಸು ಅಂದುಬಿಟ್ರೆ ಆಮೇಲೆ ನಗೋಕೆ ಏನು ಉಳೀತೋ, ದಡ್ಡ? ಆ ಪದಾನ ಕೊನೇಗೆ ತಳ್ಳಬೇಕು. ಓದೋನು ಮೊದಲು ಹೆದರಬೇಕು,” ಎಂದಳು ಅಕ್ಕ.

ತಳ್ಳಿದಳು. ಅಷ್ಟಕ್ಕೇ ಬಿಡದೆ ಹಾಳೆಯ ಹಿಂಬದಿಗೇ ಕಳಿಸಿದಳು, ಮಗುಚುವಷ್ಟು ಹೊತ್ತು ಉಸಿರು ಬಿಗಿಹಿಡಿಯಲಿ ಎಂದು. ಮುಂಬದಿಯಲ್ಲಿ ಹೀಗಿತ್ತು:

ಮ್ಯಾನೇಜರೇ,
ನಾಳೆ ನಿಮ್ಮ ಕೋಣೆಗೆ ಬರ್ತೀವಿ.
ಇನ್ನೂರು ಜನ.
ಇನ್ನು ತಡೆಯೋಕಾಗಲ್ಲ.
ಬೀಗ ತೆಗೆದಿಡಿ.

ಹಿಂಬದಿಯಲ್ಲಿ, ಖಾಲಿ ಬಿಳುಪಿನ ನಡುವೆ:

ಕಕ್ಕಸಿನದು.

ಹಾಳೆ ಕೈಗೆ ಸಿಕ್ಕವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮವರಿಗೆ ಹುರುಪು ಹೆಚ್ಚಾಯಿತು. ಉಳಿದ ಹಾಳೆಗಳಿಗೆ ಅಂಟು ಬಳಿದು ಕಾರ್ಖಾನೆಯ ಗೋಡೆಗೆ ಮೆತ್ತಿದರು. ಹಿಂಬದಿಯನ್ನು ಗೋಡೆ ಓದಿಕೊಂಡಿತು. ಮಿಕ್ಕವರು ಓದಿದ್ದು ಬರೀ ಬೆದರಿಕೆ.

ಮಧ್ಯಾಹ್ನ ಪೊಲೀಸರು ತಮ್ಮನನ್ನು ಎತ್ತಿಕೊಂಡು ಹೋದರು. ಕೊಲೆ ಬೆದರಿಕೆಯ ಕೇಸು ಜಡಿಯುತ್ತಾರಂತೆ ಎಂಬ ಸುದ್ದಿ ಬಂತು. ಅಕ್ಕ ಅಂಟು ಕಾಣದ ಒಂದು ಹಾಳೆ ಹಿಡಿದು ಹೊರಟಳು. ನಾನೂ ಹೋದೆ.

“ಹೋದ ತಕ್ಷಣ ಬಿಡಿಸಿ ಹೇಳಿಬಿಡಕ್ಕಾ.”

“ಹೇಳಿದ್ರೆ ತಮಾಷೆ ಸತ್ತೇಹೋಗುತ್ತೆ. ಈಗ ಕಥೆ ಕಟ್ಟಿದಾಳೆ ಅಂತಾನೆ ಇನ್ಸ್‌ಪೆಕ್ಟರ್. ಅವನೇ ಓದಬೇಕು, ಅವನೇ ತಿರುವಬೇಕು.”

ಠಾಣೆಯ ಒಳಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಏನೋ ದೊಪ್ಪೆಂದು ಬಿತ್ತು. ಆಮೇಲೆ ಸದ್ದಿಲ್ಲ. ಅಕ್ಕ ನನ್ನ ತೋಳು ಹಿಡಿದಳು, ಉಗುರು ನಾಟಿತು.

ಇನ್ಸ್‌ಪೆಕ್ಟರ್ ಹಾಳೆ ನೋಡಿ ಮೇಜಿನ ಮೇಲೆ ಎಸೆದ. “ಗೋಡೇಲಿ ಓದಿದೀನಿ ಇದನ್ನ. ನೀನೇನಾ ಮಾಡಿದ್ದು? ನಿನ್ನನ್ನೂ ಒಳಗೆ ಕೂರಿಸ್ಲಾ?”

ತಿರುವಲಿಲ್ಲ. ಅಕ್ಕ ಹಾಳೆಯನ್ನು ಅವನತ್ತ ಸರಿಸಿದಳು.

“ಹಿಂದೆ ಇನ್ನೊಂದು ಪದ ಇದೆ ಸಾರ್.”

ಮಗುಚಿದ. ಓದಿದ. ಮತ್ತೆ ಮುಂಬದಿಯಿಂದ ತುಟಿಯಾಡಿಸುತ್ತ ಓದಿ, ನಿಧಾನಕ್ಕೆ ಮಗುಚಿದ. ಹೆಗಲ ಹಿಂದಿನಿಂದ ಇಣುಕಿದ್ದ ಪೇದೆಯ ಮೂಗಿನಿಂದ ನಗು ಸಿಡಿಯಿತು. ಸಾಹೇಬ ತಿರುಗಿ ನೋಡಿದ್ದೇ ತಡ, ಪೇದೆ ನುಂಗಿಕೊಂಡ.

“ಪೊಲೀಸರನ್ನೇನು ಕೋಡಂಗಿ ಅಂದ್ಕೊಂಡಿದೀರಾ?” ಎಂದ ಸಾಹೇಬ. ಬಹಳ ಹೊತ್ತು ಹಾಳೆ ಕೆಳಗಿಡಲಿಲ್ಲ. ಕಡೆಗೆ ಪೇದೆಗೆ, “ಹೊರಗೆ ಹಾಕು ಅವನನ್ನ,” ಎಂದ.

ತಮ್ಮ ಕುಂಟುತ್ತ ಬಂದ. ತುಟಿ ಒಡೆದಿತ್ತು. ಬೀದಿಗಿಳಿದ ಮೇಲೆ ಕೇಳಿದ: “ಸಾಹೇಬ ನಕ್ಕನೇನಕ್ಕಾ?”

ಅವಳು ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು, ಜೀಪು ಹಿಂದೆ ಬರುತ್ತಿದೆಯೇ ಎಂದು ತಿರುತಿರುಗಿ ನೋಡುತ್ತ ನಡೆದಳು.