ಅಮೆರಿಕದ ಹತ್ತನೇ ತಾರೀಕು

ಚಿಕ್ಕೋಡಿ ಕೋರ್ಟಿನಲ್ಲಿ ದಿನ ಯಾವಾಗ ಮುಗಿಯುತ್ತದೆ ಎಂದು ನನ್ನಂಥ ಹಳೆಯ ವಕೀಲನನ್ನು ಕೇಳಬೇಕು. ಗುಮಾಸ್ತ ಮೇಜಿಗೆ ಬೀಗ ಹಾಕಿದಾಗ! ಇ-ಫೈಲಿಂಗ್ ಬಂದು ದಿನವನ್ನು ಮಧ್ಯರಾತ್ರಿಯವರೆಗೆ ಎಳೆದಿದೆ, ನಿಜ. ಅದರಾಚೆಗೂ ಒಂದು ದಿನ ಉಳಿದಿರಬಹುದೆಂದು ಯಾರಾದರೂ ಹೇಳಿದ್ದರೆ ಅವರ ತಲೆ ಕೆಟ್ಟಿದೆ ಎನ್ನುತ್ತಿದ್ದೆ.

ಅಲಖನೂರಿನ ಒಂದು ಜೈನ ಮನೆಯ ಸೊಸೆ ತಮ್ಮ ಗಾಣದ ಬೆಲ್ಲವನ್ನು ಪುಡಿ ಮಾಡಿ, ಅದಕ್ಕೊಂದು ಹೆಸರಿಟ್ಟು, ಅಮೆರಿಕದ ಅಂಗಡಿಗಳಿಗೆ ಕಳಿಸುತ್ತಿದ್ದಳು. ಆ ಹೆಸರನ್ನು ಅಲ್ಲಿ ನೋಂದಾಯಿಸಲು ಅರ್ಜಿ ಹಾಕಿದ್ದಳು. ಗಾಣ ಮಾವನದಾದ್ದರಿಂದ ಅರ್ಜಿಯೂ ಮಾವನ ಹೆಸರಿನಲ್ಲಿತ್ತು. ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿ ಏನೋ ತಕರಾರು ತೆಗೆದು, ಹೇಳಿದ್ದೆಲ್ಲ ನಿಜವೆಂದು ಮಾಲೀಕರು ಸಹಿ ಮಾಡಿದ ಪ್ರಮಾಣಪತ್ರದ ಸಮೇತ ಹತ್ತನೇ ತಾರೀಕಿನೊಳಗೆ ಉತ್ತರ ಕೇಳಿತ್ತು. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ಅಂಥದೇ ಹೆಸರಿಗೆ ಅಲ್ಲಿಯ ಇನ್ನೊಬ್ಬ ವ್ಯಾಪಾರಿ ಆಗಲೇ ಹಿಂದೆ ಕಾದು ನಿಂತಿದ್ದ. ಅವಳಿಗೆ ನಿದ್ದೆ ಹಾರಿಹೋಗಿತ್ತು. ಅಲ್ಲಿಯ ಕೆಲಸಕ್ಕೆ ಕ್ಯಾಲಿಫೋರ್ನಿಯಾದ ಒಬ್ಬ ವಕೀಲ, ಇಲ್ಲಿ ಬಿಡಿಸಿ ಹೇಳುವುದಕ್ಕೆ ನಾನು.

ಪ್ರಮಾಣಪತ್ರ ಬಂದದ್ದೇ ನಮ್ಮ ಹತ್ತನೇ ತಾರೀಕಿನ ಸಂಜೆ. 'ದಿನದ ಅಂತ್ಯದೊಳಗೆ ಸಹಿ ಬೇಕು' ಎಂದಷ್ಟೇ ಅಮೆರಿಕದ ವಕೀಲ ಬರೆದಿದ್ದ. ಅಲಖನೂರಿಗೆ ಕಾರು ಓಡಿಸಿದೆ. ನಾನು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮನೆಯ ಯಜಮಾನರು, ಅಂದರೆ ಅವಳ ಮಾವ, ಊಟ ಮುಗಿಸಿ ಜಪಕ್ಕೆ ಕುಳಿತಿದ್ದರು.

"ಹೊತ್ತ ಮುಳುಗಿದ ಮ್ಯಾಲೆ ನಾ ವ್ಯವಹಾರದ ಕಾಗದಾ ಮುಟ್ಟೂದಿಲ್ರಿ ವಕೀಲ್ರ. ನೇಮ ಐತಿ. ನಾಳಿ ಬರ್ರಿ," ಎಂದರು.

"ನಾಳಿ ಅಂದ್ರ ಎಲ್ಲಾ ಮುಗೀತ್ರಿ, ಯಜಮಾನ್ರ!"

"ನನ್ನ ದಿವಸ ಆಗಲೇ ಮುಗದೈತ್ರಿ."

ಸೊಸೆ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಮುದುಕನ ಹಟವೇ, ಎಂದು ಮನಸ್ಸಿನಲ್ಲೇ ಬೈದುಕೊಂಡು ಚಹಾ ಕೂಡ ಕುಡಿಯದೆ ಬಂದುಬಿಟ್ಟೆ.

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಅವಳ ಫೋನು. "ಮುಗದಿಲ್ರಿ ವಕೀಲ್ರ! ಅಲ್ಲಿ ಇನ್ನಾ ಹತ್ತನೇ ತಾರೀಕ ಐತ್ರಿ!"

ಅಮೆರಿಕದ ವಕೀಲನನ್ನು ಅವಳೇ ಕೇಳಿದ್ದಳು. ನಮ್ಮ ಮಧ್ಯರಾತ್ರಿಗೆ ಅಲ್ಲಿ ಬೆಲೆಯಿಲ್ಲ. ಪಶ್ಚಿಮದ ದಂಡೆಯ ಕ್ಯಾಲಿಫೋರ್ನಿಯಾದಲ್ಲಿ ಕುಳಿತ ಆ ವಕೀಲನ ಮಧ್ಯರಾತ್ರಿಗೂ ಇಲ್ಲ. ಅದನ್ನು ನಂಬಿದ್ದರೆ ನಾವು ಮಧ್ಯಾಹ್ನ ಹನ್ನೆರಡೂವರೆಯವರೆಗೆ ಆರಾಮಾಗಿ ಕೂತಿರುತ್ತಿದ್ದೆವು. ಕಚೇರಿ ಇರುವುದು ಪೂರ್ವದ ದಂಡೆಯಲ್ಲಿ. ಲೆಕ್ಕಕ್ಕೆ ಬರುವುದು ಅಲ್ಲಿಯ ಮಧ್ಯರಾತ್ರಿ. ಅವರು ಗಡಿಯಾರ ಮುಂದೆ ಮಾಡಿಕೊಳ್ಳುವ ಬೇಸಿಗೆಯ ದಿನಗಳವು, ಆದ್ದರಿಂದ ನಮಗೆ ಬೆಳಗಿನ ಒಂಬತ್ತೂವರೆ. ಅಯ್ಯೋ, ಒಂದು ತಾರೀಕಿಗೆ ಇಷ್ಟು ಜನ ವಾರಸುದಾರರೇ ಎನಿಸಿತು.

ಮತ್ತೆ ಅಲಖನೂರಿಗೆ ಓಡಿದೆ. ಯಜಮಾನರು ಬಸದಿಯಲ್ಲಿದ್ದರು. ಅಭಿಷೇಕ ಮುಗಿಸಿ, ಹಣೆಗೆ ಗಂಧ ಹಚ್ಚಿಕೊಂಡು, ಅಮೆರಿಕಕ್ಕೂ ತಮಗೂ ಸಂಬಂಧವೇ ಇಲ್ಲದಂತೆ ನಿಧಾನಕ್ಕೆ ಹೊರಬಂದರು. ಸೊಸೆ ಪ್ರಿಂಟ್ ತೆಗೆದ ಕಾಗದವನ್ನು ಕಟ್ಟೆಯ ಮೇಲಿಟ್ಟಳು. ಇಂಗ್ಲಿಷಿನಲ್ಲಿದ್ದುದನ್ನು ನಾನು ಸಾಲು ಸಾಲಾಗಿ ಓದಿ ಅರ್ಥ ಹೇಳಿದೆ. ಪೆನ್ನು ಕೈಗೆ ಕೊಟ್ಟು, "ಇಲ್ಲಿ ಸಹಿ ಮಾಡ್ರಿ. ತಾರೀಕ ಹತ್ತ ಅಂತ ಬರೀರಿ," ಎಂದೆ.

ಪೆನ್ನು ನಿಂತಿತು. "ಇವತ್ತ ಹನ್ನೊಂದ್ರಿ."

"ಅಮೆರಿಕಾದಾಗ ಹತ್ತ ಐತ್ರಿ."

"ನಾ ಎಲ್ಲಿ ಕುಂತೀನ್ರಿ?"

"ಅಲಖನೂರಾಗ."

"ಮತ್ತ? ಇದರಾಗ ಬರದದ್ದೆಲ್ಲಾ ಖರೇ ಅಂತ ಈಗ ಓದಿದ್ರಿ. ಕೆಳಗ ಸುಳ್ಳ ತಾರೀಕ ಹಾಕ್ಲೇನ್ರಿ?"

ಕೋರ್ಟಿನ ಆವರಣದಲ್ಲಿ ನನಗೆ ಇಂಥ ಪ್ರಶ್ನೆ ಕೇಳಿದವರು ಯಾರೂ ಇಲ್ಲ. ಹಿಂದಿನ ತಾರೀಕು ಹಾಕುವುದು ಅಲ್ಲಿ ತಾಂಬೂಲ ಹಾಕಿಕೊಂಡಷ್ಟೇ ಸಲೀಸು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು, "ಹನ್ನೊಂದ ಹಾಕ್ರಿ ಮಾವಾರ. ಆಗೂದ ಆಗ್ಲಿ." ಹೋದರೆ ಹೋಗುವುದು ಅವಳ ಬೆಲ್ಲದ ಹೆಸರು, ನನ್ನದೇನೂ ಅಲ್ಲ.

ಯಜಮಾನರು ಸಹಿ ಮಾಡಿ, ಹನ್ನೊಂದನೇ ತಾರೀಕು ಹಾಕಿ, ಪಕ್ಕದಲ್ಲಿ ಅಲಖನೂರ ಎಂದು ಊರನ್ನೂ ಬರೆದರು. ಅವಳು ಅಲ್ಲೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದಳು. ಅಮೆರಿಕದ ವಕೀಲ ಈ ತಾರೀಕು ನೋಡಿ ಕಾಗದ ತಿರುಗಿ ಕಳಿಸುತ್ತಾನೆ ಎಂದೇ ನಾನು ಕಾದೆ. ಅವನು ಒಂದೇ ಸಾಲು ಬರೆದ: ಸಹಿ ಎಲ್ಲಿ ಆಯಿತೋ ಅಲ್ಲಿಯ ತಾರೀಕೇ ಸರಿ, ಸಲ್ಲಿಸುತ್ತಿದ್ದೇನೆ.

ಒಂಬತ್ತೂವರೆಗೆ ಇನ್ನೂ ಸ್ವಲ್ಪ ಇರುವಾಗ ಕಚೇರಿಯ ಸ್ವೀಕೃತಿ ಬಂತು. ಸ್ವೀಕರಿಸಿದ ದಿನ: ಹತ್ತು. ಅವಳು ಬಸದಿಯ ಕಟ್ಟೆಯ ಮೇಲೆ ಕುಳಿತು ಗಳಗಳನೆ ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು.

ಯಜಮಾನರು ಸ್ವೀಕೃತಿಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. "ಹನ್ನೊಂದಕ್ಕ ಮಾಡಿದ ಸಹಿ ಹತ್ತಕ್ಕ ಮುಟ್ಟೈತಿ. ನಾ ಅಂತೂ ಸುಳ್ಳ ಬರದಿಲ್ಲ. ಹಂಗಾದ್ರ ಸುಳ್ಳ ಯಾರ ಬರದ್ರಿ ವಕೀಲ್ರ?"

"ಯಾರೂ ಬರದಿಲ್ರಿ," ಎಂದೆ. ನನ್ನ ವಕೀಲಿಕೆಯಲ್ಲಿ ಈ ಮಾತನ್ನು ಅನುಮಾನವಿಲ್ಲದೆ ಆಡಿದ್ದು ಅದೇ ಮೊದಲು.